ಮುಂದೆಯೂ ಅವರೇ ಬರಬೇಕು, ಕೊಟ್ಟ ಹಣವೂ ವಾಪಸ್ ಬರಬೇಕು: ಪತ್ರ ಹೇಗೆ ಬರೆಯುವುದು?

ವಸುಂಧರಾ

ನಮ್ಮ ಮನೆಯ ನೀರಿನ ಫಿಲ್ಟರ್ ಯಂತ್ರಕ್ಕೆ ಒಂದು ವರ್ಷದ ನಿರ್ವಹಣಾ ಒಪ್ಪಂದ ಮಾಡಿಕೊಂಡು, ಪೂರ್ತಿ ಹಣವನ್ನು ಮುಂಗಡವಾಗಿಯೇ ಕೊಟ್ಟಿದ್ದೇವೆ. ವರ್ಷದಲ್ಲಿ 4 ಬಾರಿ ಸರ್ವೀಸ್, ಜೊತೆಗೆ ಫಿಲ್ಟರ್‌ಗಳ ಬದಲಾವಣೆ, ಬಿಡಿಭಾಗಗಳಿಗೆ ಬೇರೆ ಹಣ ಕೊಡಬೇಕಾಗಿಲ್ಲ ಎಂದು ಒಪ್ಪಂದದ ಹಾಳೆಯಲ್ಲೇ ಅಚ್ಚಾಗಿದೆ. ಮೊದಲೆರಡು ಸರ್ವೀಸ್ ಆಗಿವೆ. ಎರಡನೆಯದರಲ್ಲಿ ಮಣ್ಣು, ಕೆಸರು ತಡೆಯುವ ಮೊದಲ ಹಂತದ ಫಿಲ್ಟರ್ ಬದಲಾಯಿಸಿ, ಅದಕ್ಕೆ ಬೇರೆ ಬಿಲ್ ಮಾಡಿ ಹಣ ಪಡೆದರು. ಆ ಫಿಲ್ಟರ್ ಒಪ್ಪಂದದ ಪಟ್ಟಿಯಲ್ಲಿ ಇದೆ. ಮೂರನೆಯ ಸರ್ವೀಸ್ ಆಗಲೇ ಇಲ್ಲ. ನಾಲ್ಕನೆಯದಕ್ಕೆ ಬಂದಿದ್ದೆವು, ಬಾಗಿಲು ಹಾಕಿತ್ತು ಎಂದು ಅವರ ಪುಸ್ತಕದಲ್ಲಿ ಬರೆದುಕೊಂಡಿದ್ದಾರಂತೆ. ಬರುವ ಮೊದಲು ನಮಗೆ ಫೋನ್ ಬಂದಿರಲಿಲ್ಲ. ಒಪ್ಪಂದ ಮುಗಿಯಲು ಇನ್ನೂ ಸಮಯವಿದೆ.

ಈ ಯಂತ್ರವನ್ನು ಬಲ್ಲವರು ನಮ್ಮ ಸುತ್ತಮುತ್ತ ಇವರೊಬ್ಬರೇ. ಮಾಲೀಕರು ಒಳ್ಳೆಯವರು, ಕೆಲಸ ಬಲ್ಲವರು. ಮುಂದೆಯೂ ಅವರನ್ನೇ ಕರೆಯಬೇಕು. ನಾನು ಬರೆದ ಕರಡಿನಲ್ಲಿ ಒಪ್ಪಂದದ ಅರ್ಧ ಹಣವನ್ನೂ ಫಿಲ್ಟರಿನ ಹಣವನ್ನೂ ಕೇಳಿದ್ದೇನೆ. ಅದು ಹೀಗೆ ಶುರುವಾಗುತ್ತದೆ: "ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಇರಲಿ, ತಮಗೆ ಅನುಕೂಲವಾದಾಗ, ಸಾಧ್ಯವಾದಷ್ಟು ಹಣವನ್ನು ಹಿಂದಿರುಗಿಸಿದರೆ ಉಪಕಾರವಾಗುತ್ತದೆ." ಮನೆಯವರು ಬರೆದುಕೊಟ್ಟ ಕರಡು "ನಿಮ್ಮ ಹುಡುಗರು ಮೋಸ ಮಾಡಿದ್ದಾರೆ" ಎಂದು ಶುರುವಾಗುತ್ತದೆ. ಎರಡನ್ನೂ ಕಳಿಸಲು ಮನಸ್ಸು ಒಪ್ಪುತ್ತಿಲ್ಲ. ಗೌರವವೂ ಉಳಿಯಬೇಕು, ಹಣದ ವಿಷಯದಲ್ಲಿ ಸಡಿಲವೂ ಆಗಬಾರದು. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ದಿನಕರ

ಮೇಡಂ, ಇಷ್ಟೆಲ್ಲ ಬರೆಯುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಮುಂದಿನ ವರ್ಷದ ಒಪ್ಪಂದಕ್ಕೆ ಹಣ ಕೊಡುವಾಗ, ನಿಮಗೆ ಬರಬೇಕಾದಷ್ಟನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡಿ. ಹಣ ನಿಮ್ಮ ಕೈಯಲ್ಲಿರುವಾಗ ಬೇಡುವುದೇಕೆ? ಕೇಳಿದರೆ ಲೆಕ್ಕ ತೋರಿಸಿದರಾಯಿತು.

ಹಳೆಯ ಲೆಕ್ಕಿಗ

ಒಂದು ದೊಡ್ಡ ವಸತಿ ಸಂಘದಲ್ಲಿ ಲಿಫ್ಟು, ಪಂಪು, ಜನರೇಟರ್‌ಗಳ ನಿರ್ವಹಣಾ ಒಪ್ಪಂದಗಳ ಲೆಕ್ಕವನ್ನು ಬಹಳ ಕಾಲ ನೋಡಿಕೊಂಡವನು ನಾನು. ಅಲ್ಲಿಯೂ ಇದೇ ಸ್ಥಿತಿ: ಜಗಳವಾಡಿದ ಮರುದಿನವೇ ಲಿಫ್ಟು ನಿಂತರೆ ಅದೇ ಮನುಷ್ಯನನ್ನೇ ಕರೆಯಬೇಕು.

ಮೊದಲು ದಿನಕರ ಅವರ ಸಲಹೆಗೆ. ಅದರಲ್ಲಿ ಅರ್ಧ ಸರಿಯಿದೆ. ಹಿಂದಿನ ಲೆಕ್ಕ ಮುಗಿಯುವವರೆಗೆ ಹೊಸ ಒಪ್ಪಂದಕ್ಕೆ ಹಣ ಕೊಡದೆ ಇರಲು ನಿಮಗೆ ಪೂರ್ಣ ಅಧಿಕಾರವಿದೆ, ಏಕೆಂದರೆ ಹೊಸ ಒಪ್ಪಂದ ಇನ್ನೂ ಆಗಿಲ್ಲ. ಆದರೆ ಹೊಸ ಒಪ್ಪಂದಕ್ಕೆ ಸಹಿ ಹಾಕಿ, ಅದರ ಹಣದಲ್ಲಿ ನೀವಾಗಿಯೇ ಮುರಿದುಕೊಂಡರೆ ಪರಿಸ್ಥಿತಿ ತಿರುಗುತ್ತದೆ. ಅವರ ಪುಸ್ತಕದಲ್ಲಿ ಹಳೆಯ ಬಾಕಿಯ ವಿಷಯ ಎಲ್ಲಿಯೂ ಕಾಣುವುದಿಲ್ಲ, ನೀವು ಪೂರ್ತಿ ಹಣ ಕಟ್ಟದ ಗ್ರಾಹಕರು ಎಂಬುದಷ್ಟೇ ಕಾಣುತ್ತದೆ. ಮುಂದೆ ಯಂತ್ರ ಕೆಟ್ಟಾಗ "ನಿಮ್ಮ ಒಪ್ಪಂದ ಪೂರ್ತಿಯಾಗಿ ಚಾಲ್ತಿಯಲ್ಲಿಲ್ಲ" ಎನ್ನಲು ಅವರಿಗೆ ಕಾರಣ ಸಿಕ್ಕಂತಾಯಿತು. ಮುರಿದುಕೊಳ್ಳುವುದೇ ಆದರೆ, ಅದಕ್ಕೆ ಅವರ ಲಿಖಿತ ಒಪ್ಪಿಗೆ ಮೊದಲು ಸಿಗಬೇಕು.

ಈಗ ನಿಮ್ಮ ಕರಡಿಗೆ ಬರುತ್ತೇನೆ. ನನಗೆ ಅದರಲ್ಲಿ ಮಾತಿನ ಧಾಟಿಗಿಂತ ಮೊತ್ತದ ಬಗ್ಗೆಯೇ ಹೆಚ್ಚು ಚಿಂತೆ. ನಾಲ್ಕರಲ್ಲಿ ಎರಡು ಸರ್ವೀಸ್ ಆಗಿಲ್ಲ, ಆದ್ದರಿಂದ ಅರ್ಧ ಹಣ ಎಂಬ ನಿಮ್ಮ ಲೆಕ್ಕವನ್ನು ಅವರು ಒಂದೇ ಮಾತಿನಲ್ಲಿ ಬೀಳಿಸಬಲ್ಲರು: ಒಪ್ಪಂದದ ಹಣದಲ್ಲಿ ಬಿಡಿಭಾಗಗಳ ಬೆಲೆಯೂ ಸೇರಿದೆ, ಅವುಗಳನ್ನು ಈಗಾಗಲೇ ಹಾಕಿಕೊಟ್ಟಿದ್ದೇವೆ ಎನ್ನುತ್ತಾರೆ. ಆ ಮಾತು ನ್ಯಾಯವೂ ಹೌದು. ಮೊತ್ತ ಒಮ್ಮೆ ಅಲುಗಾಡಿತೆಂದರೆ, ಎಷ್ಟೇ ಗಟ್ಟಿಯಾಗಿ ಬರೆದರೂ ಪತ್ರ ಚೌಕಾಸಿಯಾಗಿಬಿಡುತ್ತದೆ. ಅವರ ದರಪಟ್ಟಿಯಲ್ಲಿ ಬಿಡಿಭಾಗ ಸೇರದ, ಬರೀ ಸರ್ವೀಸಿನ ಒಪ್ಪಂದವೂ ಇದೆಯೇ? ಇದ್ದರೆ ಅದು ನಿಮ್ಮ ಒಪ್ಪಂದದ ಎಷ್ಟು ಪಾಲು ಬರುತ್ತದೆ, ನೋಡಿ ಹೇಳಿ.

ವಸುಂಧರಾ

ಇದೆ ಸರ್. ಒಪ್ಪಂದದ ಹಾಳೆಯ ಹಿಂಬದಿಯಲ್ಲೇ ಎರಡೂ ದರಗಳು ಅಚ್ಚಾಗಿವೆ. ಬರೀ ಸರ್ವೀಸಿನದು ನಮ್ಮ ಒಪ್ಪಂದದ ಶೇ. 60ರಷ್ಟಾಗುತ್ತದೆ.

ಹಳೆಯ ಲೆಕ್ಕಿಗ

ಹಾಗಾದರೆ ಅವರ ಲೆಕ್ಕದ ಪ್ರಕಾರವೇ ನಾಲ್ಕು ಸರ್ವೀಸುಗಳ ಬೆಲೆ ಶೇ. 60, ಒಂದಕ್ಕೆ ಶೇ. 15. ಈ ಅಂಕಿಯನ್ನು ನೀವು ಕಟ್ಟಿದ್ದಲ್ಲ, ಅವರದೇ ಹಾಳೆಯಿಂದ ಬಂದದ್ದು, ಆದ್ದರಿಂದ ಅಲ್ಲಗಳೆಯುವುದು ಕಷ್ಟ.

ಇನ್ನು ನಿಮ್ಮ ಮೂರು ಬೇಡಿಕೆಗಳ ಬಲ ಒಂದೇ ಸಮನಾಗಿಲ್ಲ ಎಂಬುದನ್ನು ಗಮನಿಸಿ. ಫಿಲ್ಟರಿನ ಹಣಕ್ಕೆ ಒಪ್ಪಂದದ ಪಟ್ಟಿಯೂ ಬಿಲ್ಲೂ ಎರಡೂ ಕಾಗದದಲ್ಲಿವೆ, ಅದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಮೂರನೆಯ ಸರ್ವೀಸ್ ಆಗಿಲ್ಲ ಎಂಬುದೂ ಗಟ್ಟಿ, ಏಕೆಂದರೆ ಆಗಿದ್ದರೆ ನಿಮ್ಮ ಸಹಿ ಇರುವ ಸರ್ವೀಸ್ ಚೀಟಿ ಅವರ ಬಳಿ ಇರಬೇಕಿತ್ತು. ನಾಲ್ಕನೆಯದು ಮಾತ್ರ ದುರ್ಬಲ. ಬಾಗಿಲು ಹಾಕಿತ್ತು ಎಂದು ಅವರು ಹೇಳುತ್ತಾರೆ, ಫೋನ್ ಬಂದಿರಲಿಲ್ಲ ಎಂದು ನೀವು ಹೇಳುತ್ತೀರಿ, ಎರಡಕ್ಕೂ ಸಾಕ್ಷಿಯಿಲ್ಲ. ಮೂರನ್ನೂ ಒಂದೇ ಮೊತ್ತವಾಗಿ ಕೂಡಿಸಿ ಕೇಳಿದರೆ ಅವರು ನಾಲ್ಕನೆಯದನ್ನೇ ಹಿಡಿದುಕೊಂಡು ಉತ್ತರ ಕೊಡುತ್ತಾರೆ, ಗಟ್ಟಿಯಾದ ಎರಡೂ ಆ ವಾದದಲ್ಲಿ ಮುಳುಗಿಹೋಗುತ್ತವೆ. ಆದ್ದರಿಂದ ಮೊದಲೆರಡಕ್ಕೆ ಹಣ ಕೇಳಿ. ನಾಲ್ಕನೆಯದಕ್ಕೆ ಹಣ ಕೇಳದೆ, ಒಪ್ಪಂದ ಮುಗಿಯುವುದರೊಳಗೆ ಆ ಸರ್ವೀಸನ್ನು ಮಾಡಿಕೊಡಲು ಕೇಳಿ. ಇದರಿಂದ ಅವರ ಪುಸ್ತಕದ ಮಾತನ್ನು ಸುಳ್ಳೆಂದು ಹೇಳುವ ಪ್ರಸಂಗವೂ ತಪ್ಪುತ್ತದೆ, ಮುಂದೆಯೂ ಅವರ ಸೇವೆ ನಿಮಗೆ ಬೇಕಿದೆ ಎಂಬುದು ಹೇಳದೆಯೇ ತಿಳಿಯುತ್ತದೆ.

ಮಳೆಬಿಲ್ಲು

ಯಂತ್ರ ತಯಾರಿಸಿದ ಕಂಪನಿಗೇ ದೂರು ಕೊಡಬಹುದಲ್ಲವೇ? ವಾರಂಟಿ ಇದ್ದರೆ ಯಂತ್ರವನ್ನೇ ಬದಲಾಯಿಸಿ ಕೊಡುತ್ತಾರೆ. ನಮ್ಮ ಬಟ್ಟೆ ಒಗೆಯುವ ಯಂತ್ರಕ್ಕೆ ಹಾಗೆಯೇ ಆಯಿತು.

ವಸುಂಧರಾ

ಯಂತ್ರ ಚೆನ್ನಾಗಿಯೇ ನಡೆಯುತ್ತಿದೆ. ವಾರಂಟಿ ಮುಗಿದ ಮೇಲೆ ಸ್ಥಳೀಯರೊಂದಿಗೆ ಬೇರೆಯಾಗಿ ಮಾಡಿಕೊಂಡ ಒಪ್ಪಂದವಿದು, ಕಂಪನಿಗೆ ಇದರಲ್ಲಿ ಸಂಬಂಧವಿಲ್ಲ.

ರಿಪೇರಿಯವ

ನಾನು ಇಂಥದ್ದೇ ಸಣ್ಣ ಸರ್ವೀಸ್ ಅಂಗಡಿ ನಡೆಸುವವನು. ಪತ್ರ ಬಂದಾಗ ಈ ಕಡೆ ಏನಾಗುತ್ತದೆ ಎಂಬುದನ್ನು ಹೇಳುವುದು ಉಪಯುಕ್ತವೆಂದು ಬರೆಯುತ್ತಿದ್ದೇನೆ.

ಫಿಲ್ಟರಿಗೆ ಬೇರೆ ಬಿಲ್ ಆದದ್ದು ಬಹುಶಃ ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಬಹಳ ಕಡೆ ಮನೆಗೆ ಬರುವ ಹುಡುಗನ ಚೀಲದಲ್ಲಿ ಒಂದಷ್ಟು ಬಿಡಿಭಾಗಗಳನ್ನು ಲೆಕ್ಕ ಮಾಡಿ ಕೊಟ್ಟಿರುತ್ತೇವೆ. ಯಾವ ಮನೆಯದು ಯಾವ ಬಗೆಯ ಒಪ್ಪಂದ ಎಂಬುದು ಅವನ ಕೈಯಲ್ಲಿರುವ ಪಟ್ಟಿಯಲ್ಲಿ ಇಲ್ಲದಿದ್ದರೆ, ಅವನು ಎಲ್ಲರಿಗೂ ಬಿಲ್ ಮಾಡಿಬಿಡುತ್ತಾನೆ. ಆಮೇಲೆ ಹಣ ಹಿಂದಿರುಗಿಸುವಾಗ ಕೆಲವು ಮಾಲೀಕರು ಅದನ್ನು ಅವನ ಸಂಬಳದಲ್ಲಿ ಹಿಡಿಯುತ್ತಾರೆ. ಹಾಗೆ ಹಿಡಿಯುವುದು ತಪ್ಪು, ಆದರೂ ನಡೆಯುತ್ತದೆ. ನೀವು "ನಿಮ್ಮ ಹುಡುಗ ಹಣ ತೆಗೆದುಕೊಂಡ" ಎಂದು ಬರೆದರೆ ಮಾಲೀಕರ ಗಮನವೆಲ್ಲ ಅವನನ್ನು ವಿಚಾರಿಸುವುದರ ಕಡೆಗೆ ಹೋಗುತ್ತದೆ, ಮುಂದಿನ ಬಾರಿ ನಿಮ್ಮ ಮನೆಗೆ ಬರುವವನೂ ಅವನೇ. ಬಿಲ್ಲಿನ ಸಂಖ್ಯೆ, ತಾರೀಖು, ಒಪ್ಪಂದದ ಪಟ್ಟಿಯ ಸಾಲು, ಇಷ್ಟನ್ನೇ ಬರೆಯಿರಿ. ತಪ್ಪು ಬಿಲ್ಲಿನಲ್ಲಿದೆ ಎಂದಾಗ ಅದನ್ನು ತಿದ್ದಲು ಯಾರ ಮರ್ಯಾದೆಗೂ ಕುಂದಿಲ್ಲ.

ಇನ್ನೊಂದು ವಿಷಯ. ಕೋಪದಿಂದ ಬರೆದ ಗ್ರಾಹಕರೊಂದಿಗೆ ನಮ್ಮಂಥವರು ಜಗಳಕ್ಕೆ ನಿಲ್ಲುವುದು ಕಡಿಮೆ. ಅವರ ಹೆಸರು ಪಟ್ಟಿಯ ಕೊನೆಗೆ ಹೋಗುತ್ತದೆ, ಅಷ್ಟೇ. "ಭಾಗ ಬಂದಿಲ್ಲ", "ಹುಡುಗ ರಜೆಯಲ್ಲಿದ್ದಾನೆ" ಎಂಬ ಉತ್ತರಗಳು ಮತ್ತೆ ಮತ್ತೆ ಬಂದು, ಯಾವ ದಿನ ಬರುತ್ತೇವೆಂದು ಯಾರೂ ಹೇಳದೆ ಇದ್ದರೆ ಹಾಗಾಗಿದೆ ಎಂದು ತಿಳಿಯಬಹುದು. ಹಾಗೆಂದು "ಅನುಕೂಲವಾದಾಗ ಕೊಡಿ" ಎಂದವರ ಹಣವೂ ಬೇಗ ಹೋಗುವುದಿಲ್ಲ. ಕೈಯಲ್ಲಿ ಹಣ ಕಡಿಮೆ ಇರುವ ತಿಂಗಳಲ್ಲಿ, ತಾರೀಖು ಹೇಳಿದವರಿಗೆ ಮೊದಲು ಕೊಡುತ್ತೇವೆ. ಇದು ನನ್ನ ಅಂಗಡಿಯದೂ ನಿಜ ಸ್ಥಿತಿ.

ಹಳೆಯ ಲೆಕ್ಕಿಗ

ಈ ಮಾತನ್ನು ಆ ಬದಿಯವರೇ ಹೇಳಿದ್ದು ಒಳ್ಳೆಯದಾಯಿತು. ವಸುಂಧರಾ ಅವರ ಕರಡಿನಲ್ಲಿ ಗೌರವವೆಲ್ಲ ತಪ್ಪು ಜಾಗದಲ್ಲಿ ಕೂತಿದೆ ಎಂದು ನನಗೆ ಅನ್ನಿಸಿದ್ದು ಇದೇ ಕಾರಣಕ್ಕೆ. ಮನುಷ್ಯನಿಗೆ ಎಷ್ಟು ಬೇಕಾದರೂ ಗೌರವ ಕೊಡಿ: "ಮಾನ್ಯರೇ" ಎನ್ನಿ, "ತಾವು" ಎನ್ನಿ, ಅವರ ಒಳ್ಳೆಯ ಕೆಲಸವನ್ನು ಒಂದು ನಿಜವಾದ ಉದಾಹರಣೆಯೊಂದಿಗೆ ನೆನೆಯಿರಿ. ಆದರೆ ಮೊತ್ತ, ಕಾರಣ, ತಾರೀಖು ಈ ಮೂರನ್ನು ಹೇಳುವ ವಾಕ್ಯಗಳಲ್ಲಿ "ಸಾಧ್ಯವಾದರೆ", "ಸ್ವಲ್ಪ", "ಉಪಕಾರವಾಗುತ್ತದೆ" ಎಂಬ ಮಾತು ಬೇಡ. ಉಪಕಾರ ಎಂದು ನೀವೇ ಬರೆದುಕೊಟ್ಟ ಮೇಲೆ, ಕೊಡದಿದ್ದರೂ ಅವರ ಮೇಲೆ ತಪ್ಪು ಬರುವುದಿಲ್ಲ. ಕ್ಷಮೆಯನ್ನೂ ಕೇಳಬೇಡಿ, ಕ್ಷಮೆ ಕೇಳುವಂಥದ್ದು ನಿಮ್ಮಿಂದ ಏನೂ ಆಗಿಲ್ಲ.

"ನೀವು ಬರಲಿಲ್ಲ" ಎನ್ನುವ ಬದಲು "ಮೂರನೆಯ ಸರ್ವೀಸ್ ಆಗಿಲ್ಲ" ಎಂದು ಬರೆದರೆ ಸಂಗತಿ ಪೂರ್ತಿಯಾಗಿ ಬರುತ್ತದೆ, ಆರೋಪ ಬರುವುದಿಲ್ಲ. ನಿಮಗಾದ ತೊಂದರೆಯ ವರ್ಣನೆ ಇದ್ದರೆ ಅದನ್ನೂ ತೆಗೆಯಿರಿ, ಓದುವವರಿಗೆ ಅದಕ್ಕೇ ಉತ್ತರಿಸಿ ಮುಗಿಸುವ ಅವಕಾಶ ಸಿಗುತ್ತದೆ. "ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬ ಉತ್ತರ ಬಂದು ಹಣದ ಮಾತೇ ಇಲ್ಲದ ಪತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

> ಮಾನ್ಯರೇ,
>
> ನಮ್ಮ ಮನೆಯ ಯಂತ್ರವನ್ನು ತಾವು ನೋಡಿಕೊಂಡು ಬಂದಿದ್ದೀರಿ. ಈ ವರ್ಷದ ಮೊದಲೆರಡು ಸರ್ವೀಸುಗಳ ಕೆಲಸ ಅಚ್ಚುಕಟ್ಟಾಗಿ ಆಗಿದೆ, ಅದಕ್ಕಾಗಿ ಧನ್ಯವಾದಗಳು. ಒಪ್ಪಂದದ ಲೆಕ್ಕದಲ್ಲಿ ಸರಿಪಡಿಸಬೇಕಾದ ಎರಡು ಅಂಶಗಳನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.
>
> ಒಂದು, ಎರಡನೆಯ ಸರ್ವೀಸಿನ ದಿನ ಬದಲಾಯಿಸಿದ ಫಿಲ್ಟರಿಗೆ ಪ್ರತ್ಯೇಕ ಬಿಲ್ ಆಗಿದ್ದು, ಅದರ ಹಣ ಪಾವತಿಯಾಗಿದೆ. ಈ ಫಿಲ್ಟರ್ ಒಪ್ಪಂದದ ಪಟ್ಟಿಯಲ್ಲಿ ಸೇರಿದೆ. ಆದ್ದರಿಂದ ಬಿಲ್ಲಿನ ಪೂರ್ಣ ಮೊತ್ತ ಹಿಂದಿರುಗಬೇಕಾಗಿದೆ.
>
> ಎರಡು, ಮೂರನೆಯ ಸರ್ವೀಸ್ ಆಗಿಲ್ಲ. ತಮ್ಮ ದರಪಟ್ಟಿಯಲ್ಲಿ ಬಿಡಿಭಾಗ ಸೇರದ ಒಪ್ಪಂದದ ದರವು ನಮ್ಮ ಒಪ್ಪಂದದ ಶೇ. 60 ಆಗಿರುವುದರಿಂದ, ಒಂದು ಸರ್ವೀಸಿನ ಪಾಲು ಶೇ. 15 ಆಗುತ್ತದೆ. ಆ ಮೊತ್ತವೂ ಹಿಂದಿರುಗಬೇಕಾಗಿದೆ.
>
> ಈ ಎರಡೂ ಸೇರಿದ ಮೊತ್ತವನ್ನು ಮುಂದಿನ ತಿಂಗಳ 10ನೇ ತಾರೀಖಿನೊಳಗೆ, ನಾನು ಮೊದಲು ಹಣ ಕಳಿಸಿದ ನನ್ನ ಖಾತೆಗೇ ಜಮಾ ಮಾಡಬೇಕೆಂದು ಕೋರುತ್ತೇನೆ. ಬಿಲ್, ಒಪ್ಪಂದದ ಹಾಳೆ ಮತ್ತು ದರಪಟ್ಟಿಯ ಪ್ರತಿಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ಯಾವ ಅಂಶದಲ್ಲಿ ಎಂದು ತಿಳಿಸಿದರೆ ಕೂಡಲೇ ನೋಡುತ್ತೇನೆ.
>
> ನಾಲ್ಕನೆಯ ಸರ್ವೀಸಿನ ದಿನ ಬಾಗಿಲು ಹಾಕಿತ್ತೆಂದು ತಮ್ಮಲ್ಲಿ ದಾಖಲಾಗಿರುವುದು ತಿಳಿಯಿತು. ಅದನ್ನು ಒಪ್ಪಂದ ಮುಗಿಯುವುದರೊಳಗೆ ಮಾಡಿಕೊಡಬೇಕೆಂದೂ, ಬರುವ ಹಿಂದಿನ ದಿನ ಫೋನ್ ಮಾಡಿ ತಿಳಿಸಬೇಕೆಂದೂ ವಿನಂತಿ.
>
> ವಂದನೆಗಳೊಂದಿಗೆ,

ಬಿಲ್ಲಿನ ಸಂಖ್ಯೆ, ತಾರೀಖುಗಳು, ಎರಡೂ ಮೊತ್ತಗಳು ಮತ್ತು ಅವುಗಳ ಕೂಡಿಕೆಯನ್ನು ನೀವು ತುಂಬಿಸಿಕೊಳ್ಳಿ. ಮುಂದಿನ ವರ್ಷದ ಒಪ್ಪಂದದ ವಿಷಯವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ಬರೆದರೆ ಬೆದರಿಕೆಯಂತೆ ಕೇಳುತ್ತದೆ, ಬರೆಯದಿದ್ದರೂ ಅವರಿಗೆ ಅದು ನೆನಪಿದ್ದೇ ಇರುತ್ತದೆ.

ಶಾಂತಲಾ

ಪತ್ರ ತುಂಬಾ ಚೆನ್ನಾಗಿದೆ. ನನ್ನದೊಂದು ಪ್ರಶ್ನೆ. ಮಗಳ ಸಂಗೀತ ಪಾಠಕ್ಕೆ ಮೂರು ತಿಂಗಳ ಶುಲ್ಕವನ್ನು ಮುಂಗಡ ಕೊಟ್ಟಿದ್ದೆವು. ಟೀಚರ್ ಒಂದು ತಿಂಗಳು ಊರಿನಲ್ಲಿರಲಿಲ್ಲ. ಇಂಥ ಪತ್ರ ಅವರಿಗೂ ಬರೆಯಬಹುದೇ? ಮಗಳು ಅವರಲ್ಲಿಯೇ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ.

ಹಳೆಯ ಲೆಕ್ಕಿಗ

ನಿಮ್ಮಲ್ಲಿ ಬರೆದ ಒಪ್ಪಂದ ಇಲ್ಲವೆಂದು ಕಾಣುತ್ತದೆ. ಹಾಗಿದ್ದಾಗ ಈ ಪತ್ರದ ಧಾಟಿ ಅವರಿಗೆ ನೋಟಿಸಿನಂತೆ ಕೇಳೀತು. ತಪ್ಪಿದ ತಿಂಗಳ ಪಾಠಗಳನ್ನು ಬೇರೆ ದಿನಗಳಲ್ಲಿ ಮಾಡುವರೋ ಅಥವಾ ಮುಂದಿನ ಶುಲ್ಕದಲ್ಲಿ ಲೆಕ್ಕ ಹಿಡಿಯುವರೋ ಎಂದು ಮೊದಲು ಎದುರೆದುರು ಕೇಳಿ, ಅವರು ಹೇಳಿದ್ದನ್ನು ಅದೇ ಸಂಜೆ ಸಂದೇಶವಾಗಿ ಬರೆದು ಕಳಿಸಿ. ಅವರು ಅದಕ್ಕೆ ಒಪ್ಪಿ ಉತ್ತರ ಕೊಟ್ಟರೆ ನಿಮ್ಮಿಬ್ಬರ ನಡುವೆ ಬರೆದ ಒಪ್ಪಂದ ಅಲ್ಲಿಂದ ಶುರುವಾಗುತ್ತದೆ.

ದಿನಕರ

ನನ್ನ ಸಲಹೆಯಲ್ಲಿ ದೋಷವಿತ್ತು ಎಂಬುದು ಅರ್ಥವಾಯಿತು. ಆದರೂ ಕೇಳುತ್ತೇನೆ, ಪತ್ರದ ಕೊನೆಯಲ್ಲಿ ಗ್ರಾಹಕರ ನ್ಯಾಯಾಲಯದ ಪ್ರಸ್ತಾಪ ಒಂದು ಸಾಲಿನಲ್ಲಾದರೂ ಬೇಡವೇ? ಹೆದರಿಕೆಯಿಲ್ಲದೆ ಯಾರು ಕೊಡುತ್ತಾರೆ?

ಹಳೆಯ ಲೆಕ್ಕಿಗ

ಮೊದಲ ಪತ್ರದಲ್ಲಿ ಬೇಡ. ಸಂಗತಿ, ಲೆಕ್ಕ, ತಾರೀಖು, ಪ್ರತಿಗಳು ಇರುವ ಪತ್ರ ಮುಂದೆ ಎಲ್ಲಿಗೆ ಹೋದರೂ ಸಾಕ್ಷಿಯಾಗಿ ನಿಲ್ಲುತ್ತದೆ, ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೇಳಿಬಿಟ್ಟು ಆಮೇಲೆ ಹೋಗದಿದ್ದರೆ ನಿಮ್ಮ ಮುಂದಿನ ಮಾತಿಗೆ ತೂಕವಿರುವುದಿಲ್ಲ. ತಾರೀಖು ದಾಟಿದ ಮೇಲಿನ ಎರಡನೆಯ ಪತ್ರದಲ್ಲಿ, ನಿಜವಾಗಿಯೂ ಹೋಗುವ ಮನಸ್ಸಿದ್ದರೆ ಮಾತ್ರ ಬರೆಯಿರಿ.

ರಿಪೇರಿಯವ

ಇದರಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕೆಲವು ಮಾಲೀಕರು ಆ ಒಂದು ಸಾಲು ಓದುವವರೆಗೆ ಕಾಗದವನ್ನು ಗಂಭೀರವಾಗಿ ತೆಗೆದುಕೊಳ್ಳುವುದೇ ಇಲ್ಲ. ಆದರೆ ವಸುಂಧರಾ ಮೇಡಂ ಹೇಳುವ ರೀತಿಯ ಮನುಷ್ಯರಾದರೆ ಬೇಕಾಗಲಾರದು. ಪತ್ರವನ್ನು ಹುಡುಗನ ಕೈಯಲ್ಲಿ ಕೊಡಬೇಡಿ, ಮಾಲೀಕರಿಗೇ ನೇರವಾಗಿ ತಲುಪಿಸಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಅಂಗಡಿಯ ನಂಬರಿಗೆ ಬೇಡ, ಅದನ್ನು ನಾಲ್ಕಾರು ಜನ ನೋಡುತ್ತಾರೆ. ಎಲ್ಲರೆದುರು ಹಣದ ವಿಷಯ ಬಂದರೆ ಮಾಲೀಕರು ಬೇಕೆಂದೇ ಬಿಗಿಯಾಗುತ್ತಾರೆ.

ವಸುಂಧರಾ

ಎಲ್ಲರಿಗೂ ಕೃತಜ್ಞತೆಗಳು. ಪತ್ರವನ್ನು ಮಾಲೀಕರಿಗೆ ತಲುಪಿಸಿದೆ, ಅವರು ಫೋನ್ ಮಾಡಿದರು. ಮಾತು ಸೌಹಾರ್ದವಾಗಿಯೇ ಇತ್ತು. ಫಿಲ್ಟರಿಗೆ ಬಿಲ್ ಆಗಬಾರದಿತ್ತು ಎಂದು ಒಪ್ಪಿಕೊಂಡರು, ನಾಲ್ಕನೆಯ ಸರ್ವೀಸಿಗೆ ದಿನವನ್ನೂ ಹೇಳಿದರು. ಆದರೆ ಹಣ ಕೊಡುವ ಬದಲು "ಎಲ್ಲವನ್ನೂ ಮುಂದಿನ ವರ್ಷದ ಒಪ್ಪಂದದಲ್ಲಿ ಸರಿಮಾಡಿಕೊಡುತ್ತೇನೆ, ನಿಮಗೇನೂ ನಷ್ಟವಾಗುವುದಿಲ್ಲ" ಎನ್ನುತ್ತಿದ್ದಾರೆ. ಇದಕ್ಕೆ ಒಪ್ಪದಿದ್ದರೆ ಅವರನ್ನು ನಂಬಲಿಲ್ಲ ಎಂದಾಗುತ್ತದೆಯೇ?

ಹಳೆಯ ಲೆಕ್ಕಿಗ

ಇಲ್ಲಿಯೇ ಹೆಚ್ಚಿನವರು ಸೋಲುತ್ತಾರೆ, ಆದ್ದರಿಂದ ನಿಧಾನವಾಗಿ ನೋಡಿ. ಸರಿಮಾಡಿಕೊಡುತ್ತೇನೆ ಎಂಬ ಮಾತಿನಲ್ಲಿ ಮೊತ್ತವೂ ಇಲ್ಲ, ತಾರೀಖೂ ಇಲ್ಲ. ಮುಂದಿನ ವರ್ಷದ ದರವನ್ನು ನಿಗದಿ ಮಾಡುವವರು ಅವರೇ. ದರ ಏರಿಸಿ, ಅದರಲ್ಲಿ ಕಳೆದರೆ ನಿಮಗೆ ಬಂದದ್ದೇನು ಎಂದು ಹೇಳಲಾಗುವುದಿಲ್ಲ. ಜೊತೆಗೆ, ಈಗ ಬರಬೇಕಾದ ಹಣವನ್ನು ಪಡೆಯಲು ನೀವು ಇನ್ನೊಂದು ವರ್ಷದ ಹಣವನ್ನು ಮುಂಗಡ ಕೊಡಬೇಕಾಗುತ್ತದೆ. ಮುಂದೆಯೂ ಅವರನ್ನೇ ಕರೆಯುವುದು ಬೇರೆ, ಕರೆಯಲೇಬೇಕೆಂದು ಕಟ್ಟುಬೀಳುವುದು ಬೇರೆ.

ನಂಬಿಕೆಯ ಪ್ರಶ್ನೆಯನ್ನು ಪತ್ರದಲ್ಲಿ ಎತ್ತಲೇಬೇಡಿ. ಫೋನಿನಲ್ಲಿ ಅವರು ಒಪ್ಪಿಕೊಂಡದ್ದನ್ನು ಮೊದಲು ಕಾಗದಕ್ಕೆ ತನ್ನಿ, ಆಮೇಲೆ ಒಂದೇ ಮಾತಿನಲ್ಲಿ ನಿಮ್ಮ ನಿಲುವು ಹೇಳಿ:

> ಫೋನಿನಲ್ಲಿ ತಾವು ಸಮಾಧಾನದಿಂದ ಮಾತನಾಡಿದ್ದಕ್ಕೆ ಧನ್ಯವಾದಗಳು. ಫಿಲ್ಟರಿನ ಬಿಲ್ ಆಗಬಾರದಿತ್ತೆಂದು ತಾವು ತಿಳಿಸಿದ್ದೀರಿ, ನಾಲ್ಕನೆಯ ಸರ್ವೀಸಿಗೆ ದಿನವನ್ನೂ ಸೂಚಿಸಿದ್ದೀರಿ. ಆ ದಿನ ಮನೆಯಲ್ಲಿ ಇರುತ್ತೇವೆ. ಮೊತ್ತವನ್ನು ಮುಂದಿನ ಒಪ್ಪಂದದಲ್ಲಿ ಹೊಂದಿಸುವ ತಮ್ಮ ಸಲಹೆಯನ್ನು ಯೋಚಿಸಿ ನೋಡಿದೆ. ಈ ವರ್ಷದ ಲೆಕ್ಕವನ್ನು ಈ ವರ್ಷವೇ ಮುಗಿಸುವುದು ನಮಗೆ ಅಗತ್ಯವಾದ್ದರಿಂದ, ಖಾತೆಗೆ ಜಮಾ ಮಾಡಬೇಕೆಂಬ ಕೋರಿಕೆಯನ್ನು ಹಾಗೆಯೇ ಇಟ್ಟಿದ್ದೇನೆ. ಹೊಸ ಒಪ್ಪಂದದ ಮಾತನ್ನು ಅದರ ನಂತರ ಪ್ರತ್ಯೇಕವಾಗಿ ಆಡೋಣ.

ಅವರು ಒಂದು ಭಾಗವನ್ನಷ್ಟೇ ಕಳಿಸಿದರೆ ತೆಗೆದುಕೊಳ್ಳಿ. ಆದರೆ "ಪೂರ್ಣ ಬಾಕಿ ತೀರಿತು" ಎಂಬ ರಸೀದಿಗೆ ಮಾತ್ರ ಸಹಿ ಬೇಡ. "ಇಷ್ಟು ಬಂದಿದೆ, ಇಷ್ಟು ಉಳಿದಿದೆ" ಎಂದು ಬರೆದು ಕೊಡಿ.

ರಿಪೇರಿಯವ

ನನ್ನದೊಂದು ತಿದ್ದುಪಡಿ. ಬೇರೆಯವರಿಂದ ಬರಬೇಕಾದ ಹಣ ತಡವಾದಾಗ ಸಣ್ಣ ಅಂಗಡಿಯವರಿಗೆ ಒಮ್ಮೆಗೇ ಕೊಡುವುದು ನಿಜವಾಗಿಯೂ ಕಷ್ಟವಾಗುತ್ತದೆ. ಅವರು ಹಾಗೆ ಬಾಯಿಬಿಟ್ಟು ಹೇಳಿದರೆ, ಎರಡು ಕಂತಿನಲ್ಲಿ ಕೊಡಲು ಒಪ್ಪಿ, ಎರಡಕ್ಕೂ ತಾರೀಖು ಬರೆಸಿಕೊಳ್ಳಿ. ಮೊತ್ತವನ್ನು ಬಿಟ್ಟುಕೊಡಬೇಕಾಗಿಲ್ಲ, ಸಮಯವನ್ನು ಬಿಟ್ಟುಕೊಟ್ಟರೆ ಅವರಿಗೆ ಉಸಿರಾಡಲು ಅವಕಾಶವಾಗುತ್ತದೆ, ಅದನ್ನು ಅವರು ಮರೆಯುವುದೂ ಇಲ್ಲ.

ವಸುಂಧರಾ

ಎರಡನೆಯ ಪತ್ರವನ್ನೂ ಕಳಿಸಿದೆ. ಫಿಲ್ಟರಿನ ಪೂರ್ಣ ಹಣ ಖಾತೆಗೆ ಬಂದಿದೆ. ನಾಲ್ಕನೆಯ ಸರ್ವೀಸಿಗೆ ಅದೇ ಹುಡುಗ ಬಂದಿದ್ದ, ಹಿಂದಿನ ದಿನ ಫೋನೂ ಮಾಡಿದ್ದ, ಎಂದಿನಂತೆಯೇ ಮಾತನಾಡಿ ಕೆಲಸ ಮುಗಿಸಿದ. ಚೀಟಿಯಲ್ಲಿ "ನಾಲ್ಕನೆಯ ಸರ್ವೀಸ್" ಎಂದು ಬರೆಸಿ, ಅದರ ಫೋಟೋ ತೆಗೆದುಕೊಂಡಿದ್ದೇನೆ. ಶೇ. 15ರ ವಿಷಯದಲ್ಲಿ ಮಾಲೀಕರದು ಇನ್ನೂ ಬೇರೆ ವಾದ. ಮೂರನೆಯ ಸರ್ವೀಸಿಗೆ ನಾವೇ ಫೋನ್ ಮಾಡಿ ಕರೆಯಬೇಕಿತ್ತಂತೆ. ಒಪ್ಪಂದದ ಹಾಳೆಯಲ್ಲಿ ಗ್ರಾಹಕರು ಕರೆಯಬೇಕೆಂದೂ ಇಲ್ಲ, ಅವರಾಗಿಯೇ ಬರಬೇಕೆಂದೂ ಇಲ್ಲ.

ದಿನಕರ

ಫಿಲ್ಟರಿನ ಹಣ ಬಂತಲ್ಲ, ಉಳಿದದ್ದನ್ನು ಬಿಟ್ಟುಬಿಡಬಹುದು ಎಂದು ಈಗ ನನಗೇ ಅನ್ನಿಸುತ್ತಿದೆ.

ಹಳೆಯ ಲೆಕ್ಕಿಗ

ಬಿಡುವುದಾದರೆ ಅದು ವಸುಂಧರಾ ಅವರ ನಿರ್ಧಾರ, ಆದರೆ ಸುಮ್ಮನಾಗಿ ಬಿಡಬಾರದು. ಹಾಳೆ ಮೌನವಾಗಿರುವಾಗ ಹಿಂದಿನ ನಡವಳಿಕೆ ಏನಿತ್ತೆಂದು ನೋಡಬೇಕು. ಮೊದಲೆರಡು ಸರ್ವೀಸಿಗೆ ನೀವು ಕರೆದಿದ್ದಿರಾ, ಅವರಾಗಿಯೇ ಬಂದಿದ್ದರಾ? ಅವರಾಗಿಯೇ ಬಂದಿದ್ದರೆ, ಮೂರನೆಯದಕ್ಕೆ ಮಾತ್ರ ಕರೆಯಬೇಕಿತ್ತೆಂಬುದು ನಿಲ್ಲುವುದಿಲ್ಲ.

ವಸುಂಧರಾ

ಅವರಾಗಿಯೇ ಬಂದಿದ್ದರು. ಎರಡೂ ಬಾರಿ ಅವರ ಕಡೆಯಿಂದಲೇ ಬಂದ ಸಂದೇಶಗಳು ಫೋನಿನಲ್ಲಿ ಇವೆ.

ಹಳೆಯ ಲೆಕ್ಕಿಗ

ಹಾಗಾದರೆ ಆ ಎರಡು ಸಂದೇಶಗಳ ಪ್ರತಿಗಳೊಂದಿಗೆ ಚಿಕ್ಕದೊಂದು ಪತ್ರ ಸಾಕು. ಫಿಲ್ಟರಿನ ಹಣ ಬಂದದ್ದಕ್ಕೆ, ನಾಲ್ಕನೆಯ ಸರ್ವೀಸ್ ಚೆನ್ನಾಗಿ ಆದದ್ದಕ್ಕೆ ಧನ್ಯವಾದ ಹೇಳಿ ಶುರುಮಾಡಿ. ಆಮೇಲೆ ಹೀಗೆ ಬರೆಯಿರಿ: "ಮೊದಲೆರಡು ಸರ್ವೀಸುಗಳ ದಿನವನ್ನು ತಮ್ಮ ಕಡೆಯಿಂದಲೇ ತಿಳಿಸಲಾಗಿತ್ತು, ಮೂರನೆಯದಕ್ಕೂ ಹಾಗೆಯೇ ನಿರೀಕ್ಷಿಸಿದ್ದೆವು. ಉಳಿದ ಶೇ. 15ರ ಮೊತ್ತವನ್ನು ಈ ತಿಂಗಳ ಕೊನೆಯೊಳಗೆ ಜಮಾ ಮಾಡಬೇಕೆಂದು ಕೋರುತ್ತೇನೆ." ಹೊಸ ಒಪ್ಪಂದ ಮಾಡುವ ದಿನ, ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಹಾಳೆಯಲ್ಲಿ ಕೈಬರಹದಲ್ಲಾದರೂ ಸೇರಿಸಿ, ಇಬ್ಬರೂ ಸಹಿ ಹಾಕಿ.

ರಿಪೇರಿಯವ

ನಮ್ಮ ಅಂಗಡಿಯ ಹಾಳೆಯಲ್ಲೂ ಆ ಸಾಲು ಇಲ್ಲ ಎಂಬುದನ್ನು ಇದನ್ನೆಲ್ಲ ಓದಿದ ಮೇಲೆ ತೆಗೆದು ನೋಡಿದೆ. ಮುಂದಿನ ಬಾರಿ ಅಚ್ಚು ಹಾಕಿಸುವಾಗ ಸೇರಿಸುತ್ತೇನೆ. ಶೇ. 15 ಏನಾಯಿತೆಂದು ದಯವಿಟ್ಟು ತಿಳಿಸಿ ಮೇಡಂ. ಮಾಲೀಕರು ಅರ್ಧಕ್ಕೆ ಮುಗಿಸೋಣ ಎಂದು ಹೇಳುವ ಸಂಭವವಿದೆ, ಆಗ ಏನು ಹೇಳುತ್ತೀರೆಂದು ಮೊದಲೇ ಮನೆಯಲ್ಲಿ ಮಾತನಾಡಿಕೊಂಡಿರಿ.